ಬೂಷ್ಟು ಒರೆಸಬಹುದು, ಪೊರೆ ಬಿಟ್ಟರೆ ಅಂಟಿಸೋಕಾಗಲ್ಲ

ಕಳೆದ ಜುಲೈನಲ್ಲಿ, ಪುನರ್ವಸು ಮಳೆ ಜಿಟಿಜಿಟಿ ಅಂತ ಹಿಡಿದುಕೊಂಡಿದ್ದ ವಾರ, ನನ್ನ ಎರಡು ಜೊತೆ ಶೂಗಳಿಗೆ ಎರಡು ಬೇರೆ ಬೇರೆ ಕಾಯಿಲೆ ಬಂತು. ಹಾಸನದ ಹಾಸ್ಟೆಲ್ ರೂಮಿನ ಮಂಚದ ಕೆಳಗಿದ್ದ ನನ್ನ ಕಪ್ಪು ಫಾರ್ಮಲ್ ಶೂ ಮಡಚೋ ಜಾಗದಲ್ಲಿ ಹಾವು ಪೊರೆ ಬಿಟ್ಟ ಹಾಗೆ ಸುಲಿಯೋಕೆ ಶುರುವಾಯ್ತು. ಅದೇ ವಾರ ಅರಕಲಗೂಡಿನ ಮನೆಗೆ ಹೋದಾಗ ಅಮ್ಮ ಅಟ್ಟದಿಂದ ಅಪ್ಪನ ಹಳೇ ಲೆದರ್ ಶೂ ಇಳಿಸಿ, "ನೋಡು, ಇದಕ್ಕೆ ದೋಸೆ ಹಿಟ್ಟು ಬಳಿದ ಹಾಗೆ ಬೂಷ್ಟು ಬಂದಿದೆ, ಎಸೆದುಬಿಡ್ಲಾ?" ಅಂದರು.

ಒಂದು ವರ್ಷ ಕೂಡ ತುಂಬದ ಶೂ ಒಂದು ಕಡೆ. ಅಪ್ಪ 2009ರಲ್ಲಿ ತಗೊಂಡ ಶೂ ಇನ್ನೊಂದು ಕಡೆ. ನೋಡೋಕೆ ಅಪ್ಪನದ್ದೇ ಜಾಸ್ತಿ ಹೊಲಸಾಗಿತ್ತು. ಇವತ್ತು ನಾನು ಲ್ಯಾಬಿಗೆ ಹಾಕಿಕೊಂಡು ಬರ್ತಿರೋದು ಆ ಹೊಲಸಾಗಿದ್ದ ಶೂನ. ಸುಲಿದದ್ದು ಕಸದ ಬುಟ್ಟಿಗೆ ಹೋಯ್ತು. ಹಾಗಾಗಿ ನನ್ನ ವಾದ ಇಷ್ಟೇ: ನಮ್ಮ ಊರುಗಳ ಹವೆಯಲ್ಲಿ ಲೆದರ್ರೂ ಕೆಡುತ್ತೆ, ರೆಕ್ಸಿನ್ನೂ ಕೆಡುತ್ತೆ. ಆದರೆ ಲೆದರ್‌ಗೆ ಬರೋ ಬೂಷ್ಟು ವಾಸಿಯಾಗೋ ಕಾಯಿಲೆ, ರೆಕ್ಸಿನ್‌ಗೆ ಬರೋ ಸುಲಿತ ವಾಸಿಯಾಗಲ್ಲ. ನಾವು ಮಾತ್ರ ಬೂಷ್ಟು ನೋಡಿದ ತಕ್ಷಣ ಹೆದರಿ, ಸುಲಿಯೋದನ್ನ "ಮೇಂಟೆನೆನ್ಸ್ ಇಲ್ಲ" ಅಂತ ನಂಬಿಕೊಂಡು ಮತ್ತೆ ಮತ್ತೆ ಕೊಳ್ತಾ ಇದ್ದೀವಿ.

ಮೊದಲು ಅಪ್ಪನ ಶೂ ಕಥೆ. ಚರ್ಮ ಅಂದ್ರೆ ನಾರುನಾರಾದ ಪ್ರೋಟೀನು. ಹದ ಮಾಡಿದ ಮೇಲೂ ಅದು ಗಾಳಿಯಲ್ಲಿರೋ ನೀರಿನ ಅಂಶವನ್ನ ಹೀರುತ್ತೆ, ಗಾಳಿ ಒಣಗಿದಾಗ ವಾಪಸ್ ಬಿಡುತ್ತೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗ್ಲೂ ಇರುತ್ತವೆ, ಅವನ್ನ ತಡೆಯೋಕಾಗಲ್ಲ. ಗಾಳಿಯ ಆರ್ದ್ರತೆ ಸುಮಾರು 70 ಪರ್ಸೆಂಟ್ ದಾಟಿ, ದಿನಗಟ್ಟಲೆ ಹಾಗೇ ನಿಂತರೆ ಅವು ಮೊಳಕೆ ಒಡೆಯುತ್ತವೆ. ಊಟಕ್ಕೆ ಶೂ ಮೇಲಿರೋ ಬೆವರು, ಧೂಳು, ಹಳೇ ಪಾಲಿಷ್, ಚರ್ಮದೊಳಗಿನ ಎಣ್ಣೆ ಸಾಕು. ಅರಕಲಗೂಡಿನ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲೇ ಕಾಣಲ್ಲ. ಅದರ ಮೇಲೆ ಅಟ್ಟ, ಪ್ಲಾಸ್ಟಿಕ್ ಕವರ್, ಗಾಳಿಯಾಡದ ಮೂಲೆ. ಬೂಷ್ಟಿಗೆ ಇದಕ್ಕಿಂತ ಒಳ್ಳೇ ಹಾಸ್ಟೆಲ್ ಎಲ್ಲಿ ಸಿಗುತ್ತೆ?

ಆದರೆ ಶೂ ಮೇಲೆ ಬಿಳಿ ಕಂಡದ್ದೆಲ್ಲ ಬೂಷ್ಟಲ್ಲ. ಹತ್ತಿಯ ಹಾಗೆ ನವಿರಾಗಿ, ಅಲ್ಲಲ್ಲಿ ದುಂಡಗೆ ಹಬ್ಬಿ, ಮಣ್ಣು ವಾಸನೆ ಬಂದರೆ ಅದು ಬೂಷ್ಟು. ಸಮವಾಗಿ ಮೇಣದ ಹಾಗೆ ಹರಡಿಕೊಂಡಿದ್ದು, ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿ ತಗುಲಿದ ತಕ್ಷಣ ಕರಗಿ ಮಾಯವಾದರೆ ಅದು ಚರ್ಮದೊಳಗಿನ ಕೊಬ್ಬು ಮೇಲಕ್ಕೆ ಬಂದಿರೋದು, ಬಟ್ಟೆಯಲ್ಲಿ ಒರೆಸಿದರೆ ಮುಗೀತು. ನೀರು ಒಣಗಿದ ಗೆರೆಯ ಉದ್ದಕ್ಕೂ ಬಿಳಿ ಅಂಚು ಕಟ್ಟಿದ್ದು, ಒದ್ದೆ ಬಟ್ಟೆಗೆ ಹೋದರೆ ಅದು ಬೆವರಿನ ಉಪ್ಪು. ಈ ಮೂರಕ್ಕೂ ಒಂದೇ ಮದ್ದು ಅಂತ ಪಾಲಿಷ್ ಬಳಿಯೋದೇ ನಾವು ಮಾಡೋ ಮೊದಲ ತಪ್ಪು. ಬೂಷ್ಟಿನ ಮೇಲೆ ಪಾಲಿಷ್ ಬಳಿದರೆ ಅದಕ್ಕೆ ಹೊದಿಕೆ ಹೊದಿಸಿ ಊಟ ಬಡಿಸಿದ ಹಾಗೆ.

ಅಪ್ಪನ ಶೂನ ನಾನು ಸರಿ ಮಾಡಿದ್ದು ಹೀಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳಕ್ಕೆ ಒಯ್ದು, ಲೇಸ್ ಬಿಚ್ಚಿ, ಹಳೇ ಬ್ರಷ್‌ನಲ್ಲಿ ಒಣ ಬೂಷ್ಟನ್ನ ಉದುರಿಸಿದೆ. ಮನೆ ಒಳಗೆ ಉಜ್ಜಿದರೆ ಬೀಜಕಣಗಳು ಬೀರು ತುಂಬ ಹರಡ್ತವೆ. ಆಮೇಲೆ ಮೆಡಿಕಲ್ ಸ್ಟೋರ್‌ನ ಸರ್ಜಿಕಲ್ ಸ್ಪಿರಿಟ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಮೊದಲು ನಾಲಿಗೆಯ ಒಳಭಾಗದಲ್ಲಿ ಒಂದು ಚುಕ್ಕೆ ಒರೆಸಿ ನೋಡಿದೆ. ಬಣ್ಣ ಬಿಡಲಿಲ್ಲ. ಆಗ ಬಟ್ಟೆಯನ್ನ ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಳಗೂ ಹೊರಗೂ, ಹೊಲಿಗೆ ಸಂದಿಯಲ್ಲೂ ಒರೆಸಿದೆ. ಒಳಗಿನ ಸೋಲ್ ಹಾಳೆ ತೆಗೆದು ಎಸೆದು ಹೊಸದು ಹಾಕಿದೆ, ಯಾಕಂದ್ರೆ ಬೆವರು ಕುಡಿದಿದ್ದ ಆ ಹಾಳೆಯೇ ಬೂಷ್ಟಿನ ಮೂಲಮನೆ. ಮೂರು ದಿನ ಜಗಲಿಯಲ್ಲಿ ನೆರಳಿಗೆ, ಗಾಳಿಗೆ ಇಟ್ಟೆ. ಪೂರ್ತಿ ಒಣಗಿದ ಮೇಲೆ ಕ್ರೀಮ್ ಪಾಲಿಷ್‌ನ ತೆಳ್ಳಗೆ ಹಚ್ಚಿದೆ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅಂದರು. ಬೇಡ ಅಂದೆ. ಅದು ಸ್ವಲ್ಪ ದಿನಕ್ಕೆ ಕಮಟು ಹಿಡಿಯುತ್ತೆ, ಧೂಳು ಅಂಟಿಸಿಕೊಳ್ಳುತ್ತೆ, ಮುಂದಿನ ಬೂಷ್ಟಿಗೆ ಊಟವೂ ಆಗುತ್ತೆ.

ನೆರಳಲ್ಲೇ ಯಾಕೆ ಒಣಗಿಸಬೇಕು ಅನ್ನೋದು ನಮ್ಮ ಕಡೆಯವರಿಗೆ ಅನುಭವದಿಂದಲೇ ಗೊತ್ತಾಗಿದೆ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ಸೀಮೆ, ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇದೆ. ಸೊಪ್ಪು ಬೇಯಿಸೋ ಬ್ಯಾರನ್ ಒಳಗೆ ಕೊನೆಯ ಹಂತದಲ್ಲಿ ಶಾಖ 70 ಡಿಗ್ರಿ ಹತ್ತಿರ ಹೋಗುತ್ತೆ. ನಮ್ಮ ಚಿಕ್ಕಪ್ಪ ಒಂದು ಸಲ ನೆನೆದ ಲೆದರ್ ಶೂನ "ಒಂದೇ ರಾತ್ರೀಲಿ ಒಣಗುತ್ತೆ" ಅಂತ ಅಲ್ಲಿಟ್ಟರು. ಒಣಗಿತು ನಿಜ. ಮುಂದಿನ ತುದಿ ಮೇಲಕ್ಕೆ ಸುರುಟಿ, ಹಪ್ಪಳದ ಹಾಗೆ ಗಟ್ಟಿಯಾಗಿ, ಸೋಲ್ ಅಂಟು ಬಿಟ್ಟು ಬಾಯಿ ತೆರೆದುಕೊಂಡು ಬಂತು. ಒದ್ದೆ ಚರ್ಮದಿಂದ ನೀರು ಗಬಕ್ಕನೆ ಹೋದರೆ ನಾರುಗಳು ಒಂದಕ್ಕೊಂದು ಅಂಟಿಕೊಂಡುಬಿಡ್ತವೆ, ಆ ಮೆದುತನ ಮತ್ತೆ ಬರಲ್ಲ. ಲೆದರ್ ವಾಸಿಯಾಗುತ್ತೆ ಅಂದೆನಲ್ಲ, ಅದಕ್ಕೂ ಮಿತಿ ಇದೆ. ಬೆಂಕಿ ಹತ್ತಿರ ಇಟ್ಟ ಲೆದರ್‌ಗೆ ಮದ್ದಿಲ್ಲ.

ಒಣಗೋಕೆ ನಿಜವಾಗ್ಲೂ ಎಷ್ಟು ಹೊತ್ತು ಬೇಕು ಅಂತ ತೂಕ ಹಾಕಿಯೇ ನೋಡಿದೆ. ಅಪ್ಪನ ಶೂನಲ್ಲಿ ಒಂದು ಕಾಲಿನದ್ದು ಒಣಗಿದ್ದಾಗ 412 ಗ್ರಾಂ. ಬಸ್‌ಸ್ಟ್ಯಾಂಡ್‌ನಿಂದ ಮಳೆಯಲ್ಲಿ ನಡೆದು ಬಂದ ದಿನ 471 ಗ್ರಾಂ. ಒಳಗೆ ನ್ಯೂಸ್‌ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಾಯಿಸಿ ಮಲಗಿದೆ. ಬೆಳಿಗ್ಗೆ 438. ಎರಡನೇ ಬೆಳಿಗ್ಗೆ 421. ಮೂರನೇ ಬೆಳಿಗ್ಗೆ 414. ಮುಟ್ಟಿ ನೋಡಿದರೆ ಮೊದಲನೇ ಬೆಳಿಗ್ಗೆಯೇ "ಒಣಗಿದೆ" ಅನ್ನಿಸ್ತಿತ್ತು, ಆದರೆ ಒಳಗೆ ಇನ್ನೂ 26 ಗ್ರಾಂ ನೀರಿತ್ತು. ನಾವು ಅದೇ ಶೂನ ಅವತ್ತೇ ಮತ್ತೆ ಹಾಕ್ತೀವಿ, ಕಾಲಿನ ಬೆವರು ಸೇರಿಸ್ತೀವಿ, ರಾತ್ರಿ ಮಂಚದ ಕೆಳಗೆ ತಳ್ತೀವಿ. ಆಮೇಲೆ ಲೆದರ್ ಸರಿಯಿಲ್ಲ ಅಂತೀವಿ.

ಬಾಕ್ಸ್ ಜೊತೆ ಬರೋ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಕಲ್ವಾ ಅಂತ ರೂಮ್‌ಮೇಟ್ ಕೇಳಿದ. ಲೆಕ್ಕ ಹಾಕೋಣ. 22 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯೋದು ಹೆಚ್ಚೆಂದರೆ 19.4 ಗ್ರಾಂ ನೀರಾವಿ. ಅರ್ಧ ಘನ ಮೀಟರ್‌ನ ಬೀರುವಿನಲ್ಲಿ ಆರ್ದ್ರತೆಯನ್ನ 85ರಿಂದ 60 ಪರ್ಸೆಂಟಿಗೆ ಇಳಿಸಬೇಕು ಅಂದ್ರೆ ಸುಮಾರು 2.4 ಗ್ರಾಂ ನೀರನ್ನ ತೆಗೀಬೇಕು. ಸಿಲಿಕಾ ತನ್ನ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹೀರುತ್ತೆ. ಎರಡು ಗ್ರಾಂ ಪೊಟ್ಟಣ ಅರ್ಧ ಗ್ರಾಂ ಚಿಲ್ಲರೆ ಹೀರಿ ಸುಮ್ಮನಾಗುತ್ತೆ. ಬೀರು ಬಾಗಿಲು ಒಂದು ಸಲ ತೆರೆದರೆ ಲೆಕ್ಕ ಮತ್ತೆ ಮೊದಲಿಂದ. ಒಳಗಿರೋ ಶೂನಲ್ಲೇ 26 ಗ್ರಾಂ ನೀರಿದ್ದಾಗ ಪಾಪ, ಆ ಪೊಟ್ಟಣ ಏನು ಮಾಡುತ್ತೆ? ಗಾಳಿಯಾಡೋ ತೆರೆದ ರ‍್ಯಾಕೇ ಮೇಲು.

ಈಗ ಎರಡನೇ ಕಾಯಿಲೆಗೆ ಬರೋಣ. ಚನ್ನರಾಯಪಟ್ಟಣದಲ್ಲಿರೋ ನಮ್ಮ ಅತ್ತೆ ಮಗಳು, ಅಂದ್ರೆ ನನಗೆ ಅಕ್ಕ, ಡಿಗ್ರಿಗೆ ಸೇರಿದಾಗ ಕಂದು ಬಣ್ಣದ ಜಾಕೆಟ್ ತಗೊಂಡಿದ್ದಳು. "ಲೆದರ್ ಲುಕ್" ಅಂತ ಟ್ಯಾಗ್‌ನಲ್ಲಿತ್ತು. ಹಾಕಿದ್ದು ಹತ್ತು ಸಲವೂ ಇಲ್ಲ. ಮೂರು ವರ್ಷ ಆದ ಮೇಲೆ ಮದುವೆಗೆ ಹೋಗೋಕೆ ಬೀರುವಿಂದ ತೆಗೆದರೆ ಕಾಲರ್ ಕೈಗೆ ಅಂಟ್ತಾ ಇತ್ತು. ಹಾಕಿಕೊಂಡು ಬೈಕ್ ಹತ್ತಿ ಇಳಿಯೋ ಹೊತ್ತಿಗೆ ಕತ್ತು, ಸೀರೆ, ಹಿಂದಿನ ಸೀಟು ಎಲ್ಲಾ ಕಂದು ಬಣ್ಣದ ಚೂರು. "ಮಳೇಲಿ ಒಂದು ದಿನಾನೂ ನೆನೆಸಿಲ್ಲ ಕಣೋ, ಯಾಕೋ ಹೀಗಾಯ್ತು?" ಅಂತ ಅಳೋ ಹಾಗಾಗಿದ್ದಳು. ಚನ್ನರಾಯಪಟ್ಟಣ ಬಯಲು ಸೀಮೆ, ನಮ್ಮ ಅರಕಲಗೂಡಿನಷ್ಟು ಮಳೆಯೂ ಇಲ್ಲ. ಹಾಗಾದ್ರೆ?

ಉತ್ತರ ಇರೋದು ನಾವು ಫಸ್ಟ್ ಸೆಮ್ ಕೆಮಿಸ್ಟ್ರಿಯಲ್ಲಿ ಓದಿ ಮರೆತ ಪಾಠದಲ್ಲಿ. ಇವತ್ತು ರೆಕ್ಸಿನ್ ಅಂತ ನಾವು ಕರೆಯೋದರಲ್ಲಿ ಹೆಚ್ಚಿನದ್ದು ಪಾಲಿಯುರೆಥೇನ್, ಅಂಗಡಿ ಭಾಷೆಯಲ್ಲಿ ಪಿಯು. ಅಡಿಯಲ್ಲಿ ಒಂದು ಬಟ್ಟೆ, ಅದರ ಮೇಲೆ ಅಂಟಿನ ಪದರ, ಅದರ ಮೇಲೆ ಚರ್ಮದ ಗೆರೆಗಳ ಅಚ್ಚು ಒತ್ತಿದ ತೆಳ್ಳನೆ ಪ್ಲಾಸ್ಟಿಕ್ ಪೊರೆ. ಅಗ್ಗದ ಪಿಯುನ ಸಾಮಾನ್ಯವಾಗಿ ಎಸ್ಟರ್ ಜಾತಿಯ ಸರಪಳಿಯಿಂದ ಮಾಡ್ತಾರೆ. ಎಸ್ಟರ್ ಕೊಂಡಿಗೆ ನೀರು ಸೇರಿದರೆ ಅದು ತುಂಡಾಗಿ ಒಂದು ಆಸಿಡ್, ಒಂದು ಆಲ್ಕೋಹಾಲ್ ಆಗುತ್ತೆ. ಇದೇ ಹೈಡ್ರಾಲಿಸಿಸ್. ಹಾಗೆ ಹುಟ್ಟಿದ ಆಸಿಡ್ಡು ಪಕ್ಕದ ಕೊಂಡಿ ಮುರಿಯೋದನ್ನ ಇನ್ನಷ್ಟು ಬೇಗ ಮಾಡುತ್ತೆ. ಅದಕ್ಕೇ ಎರಡು ವರ್ಷ ಏನೂ ಆಗದ ಜಾಕೆಟ್ ಎರಡು ತಿಂಗಳಲ್ಲಿ ಕೈಬಿಡುತ್ತೆ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಈ ಕೆಲಸಕ್ಕೆ ಮಳೆಯೇ ಬೇಕಿಲ್ಲ. ಗಾಳಿಯ ನೀರಾವಿ ಸಾಕು. ಶಾಖ ಜಾಸ್ತಿಯಾದಷ್ಟೂ ವೇಗ ಜಾಸ್ತಿ. ಹಾಗಾಗಿ ಶೀಟ್ ಮನೆಯ ಬೀರುವಿನಲ್ಲಿ ಬೇಸಿಗೆಯ ಧಗೆ, ಮಳೆಗಾಲದ ತೇವ ಎರಡನ್ನೂ ಕಂಡ ಅಕ್ಕನ ಜಾಕೆಟ್ ಹಾಕದೇ ಇದ್ದರೂ ವಯಸ್ಸಾಗ್ತಾ ಇತ್ತು. ಕಾಲರ್ ಮೊದಲು ಹೋದದ್ದು ಯಾಕಂದ್ರೆ ಅಲ್ಲಿ ಬೆವರು, ತಲೆ ಎಣ್ಣೆ ಎರಡೂ ಸೇರಿತ್ತು. ಕಂಪನಿಗಳಿಗೂ ಇದು ಗೊತ್ತಿರೋ ವಿಷಯವೇ. ಐಎಸ್‌ಒ 1419 ಅನ್ನೋ ಪರೀಕ್ಷಾ ವಿಧಾನದಲ್ಲಿ ಇಂಥ ಬಟ್ಟೆಯನ್ನ 70 ಡಿಗ್ರಿ ಶಾಖ, 95 ಪರ್ಸೆಂಟ್ ಆರ್ದ್ರತೆಯಲ್ಲಿ ವಾರಗಟ್ಟಲೆ ಇಟ್ಟು ನೋಡೋ ಕ್ರಮವೇ ಇದೆ. ಆದರೆ ಸಾವಿರ ರೂಪಾಯಿ ಶೂನ ಟ್ಯಾಗ್‌ನಲ್ಲಿ ಎಷ್ಟು ವಾರ ತಡೀತು ಅಂತ ಯಾರೂ ಬರೆಯಲ್ಲ.

ಬಸ್ ಸೀಟಿಗೆ ಹಾಕೋ ಪಿವಿಸಿ ರೆಕ್ಸಿನ್ ಹೀಗೆ ಪೊರೆ ಬಿಡಲ್ಲ. ಅದಕ್ಕೆ ನೀರಿನ ಭಯ ಕಡಿಮೆ. ಅದರೊಳಗೆ ಮೆದುವಾಗಲಿ ಅಂತ ಹಾಕಿದ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಹೊರಗೆ ಬಂದು, ಅದು ಗಟ್ಟಿಯಾಗಿ ಸೀಳುತ್ತೆ. ಕಾಲಿಗೆ ಗಾಳಿಯಾಡಲ್ಲ ಅನ್ನೋದು ಬೇರೆ ಕಷ್ಟ.

ಈಗ ನನ್ನ ಶೂ. 899 ರೂಪಾಯಿಗೆ, ಭಾರೀ ಡಿಸ್ಕೌಂಟ್‌ನಲ್ಲಿ, ಫಸ್ಟ್ ಇಯರ್ ಆಗಸ್ಟ್‌ನಲ್ಲಿ ತಗೊಂಡಿದ್ದೆ. ಹನ್ನೊಂದು ತಿಂಗಳಿಗೆ ಸುಲೀತು. ಇಷ್ಟು ಬೇಗ ಹೇಗೆ ಅಂತ ತಲೆ ಕೆಡಿಸಿಕೊಂಡು ಹಳೇ ಬಾಕ್ಸ್ ಹುಡುಕಿದೆ, ಚಾರ್ಜರ್ ವೈರ್ ತುಂಬಿಟ್ಟಿದ್ದೆ. ಎಂಆರ್‌ಪಿ ಲೇಬಲ್‌ನಲ್ಲಿ ತಯಾರಾದ ತಿಂಗಳು, ವರ್ಷ ಇತ್ತು. ನಾನು ಕೊಳ್ಳೋದಕ್ಕಿಂತ ಎರಡು ವರ್ಷ ನಾಲ್ಕು ತಿಂಗಳು ಹಿಂದಿನದ್ದು! ಅಂದ್ರೆ ನನ್ನ ಕೈಗೆ ಬರೋ ಹೊತ್ತಿಗೇ ಅದರ ಅರ್ಧಕ್ಕಿಂತ ಹೆಚ್ಚು ಆಯುಸ್ಸು ಗೋಡೌನ್‌ನಲ್ಲಿ ಕಳೆದಿತ್ತು. ಎಸ್ಟರ್ ಕೊಂಡಿಗೆ ನಾನು ಬಿಲ್ ಕಟ್ಟಿದ ದಿನ ಗೊತ್ತಿಲ್ಲ, ಅದು ಹುಟ್ಟಿದ ದಿನದಿಂದಲೇ ಎಣಿಸುತ್ತೆ. ಈ ಬರಹದಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ: ಪಿಯು ಶೂ ಕೊಳ್ಳುವಾಗ ಹಾಲಿನ ಪ್ಯಾಕೆಟ್ ನೋಡಿದ ಹಾಗೆ ತಾರೀಕು ನೋಡಿ. ಆರು ತಿಂಗಳಿಗಿಂತ ಹಳೇದಾದ್ರೆ ಡಿಸ್ಕೌಂಟ್ ಎಷ್ಟೇ ಇರ್ಲಿ, ಕೆಳಗಿಡಿ.

ಸುಲಿದ ಶೂನ ನಾನು ಸುಲಭಕ್ಕೆ ಬಿಡಲಿಲ್ಲ. ಹೊಳೆನರಸೀಪುರದಲ್ಲಿ ತಾತನ ಮನೆಗೆ ಹೋದಾಗ ಬಸ್‌ಸ್ಟ್ಯಾಂಡ್ ಹತ್ತಿರ ಛತ್ರಿ ಕೆಳಗೆ ಕೂತು ಶೂ ರಿಪೇರಿ ಮಾಡೋ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಉಗುರಿನಲ್ಲಿ ಒಂದು ಸಲ ಕೆರೆದರು, ಪೊರೆ ಎದ್ದು ಅಡಿಯ ಬಿಳಿ ಬಟ್ಟೆ ಕಾಣಿಸ್ತು. "ತಳ ಹೋದ್ರೆ ತಳ ಹಾಕ್ತೀನಿ ಮಗಾ, ಹೊಲಿಗೆ ಹೋದ್ರೆ ಹೊಲಿಗೆ ಹಾಕ್ತೀನಿ. ಮೈಯೇ ಹೋದ್ರೆ ನಾನೇನ್ ಹಾಕ್ಲಿ?" ಅಂದರು. ಅಂಟು ಹಾಕಿದರೆ ಹಿಡಿಯಲ್ವಾ ಅಂದೆ. "ಎಲ್ಲಿಗೆ ಅಂಟಿಸ್ಲಿ? ಅಂಟಿಸಿದ ಪಕ್ಕದಲ್ಲೇ ನಾಳೆ ಏಳುತ್ತೆ" ಅಂದರು. ನಾನು ಅರ್ಧ ಪುಟದಲ್ಲಿ ಬರೆದ ಹೈಡ್ರಾಲಿಸಿಸ್‌ನ ಅವರು ಒಂದೇ ಸಾಲಲ್ಲಿ ಮುಗಿಸಿದರು. ಒಂದು ಜಾಗ ಸುಲಿದಿದೆ ಅಂದ್ರೆ ಇಡೀ ಪೊರೆ ಒಳಗೆ ಮುರಿದಿದೆ ಅಂತಲೇ ಅರ್ಥ.

ಲೆದರ್ ಅಂತ ಬರೆದಿದ್ದರೆ ಬಚಾವ್ ಅನ್ನೋ ಹಾಗೂ ಇಲ್ಲ ಅಂತ ಅವರೇ ತೋರಿಸಿದರು. ಚರ್ಮವನ್ನ ಅಡ್ಡಕ್ಕೆ ಸೀಳಿ, ಕೆಳಗಿನ ಸಡಿಲ ಪದರದ ಮೇಲೆ ಅದೇ ಪಿಯು ಪೊರೆ ಅಂಟಿಸಿ ಮಾರೋದುಂಟು. ಅದೂ ಲೆದರ್ರೇ, ಆದರೆ ಕಣ್ಣಿಗೆ ಕಾಣೋ ಮೈ ಪ್ಲಾಸ್ಟಿಕ್ಕು, ಸುಲಿಯೋದೂ ಹಾಗೇ. ಚರ್ಮದ ಪುಡಿಯನ್ನ ಅಂಟಲ್ಲಿ ಕಲಸಿ ಹಾಳೆ ಮಾಡಿದ್ದೂ ಇದೆ, ಅದು ಇನ್ನೂ ಕಡೆ. ಗುರುತು ಹಿಡಿಯೋಕೆ ಕತ್ತರಿಸಿದ ಅಂಚನ್ನ ನೋಡಬೇಕು. ಶೂ ನಾಲಿಗೆಯ ಅಂಚಲ್ಲಿ ಮೇಲಿಂದ ಕೆಳಗಿನ ತನಕ ನಾರು ಒಂದೇ ಸಮ ಇದ್ದರೆ ಒಳ್ಳೇ ಚರ್ಮ. ಮೇಲೊಂದು ಹೊಳೆಯೋ ಗೆರೆ, ಕೆಳಗೆ ಬೇರೆ ವಸ್ತು ಕಂಡರೆ ಪೊರೆ. ಬೆರಳಿಂದ ಒತ್ತಿ ಮಡಚಿದಾಗ ಸಣ್ಣ ಸಣ್ಣ ಅಸಮ ಸುಕ್ಕು ಬಂದರೆ ಚರ್ಮ, ಒಂದೇ ದಪ್ಪ ಮಡಿಕೆ ಬಂದರೆ ಅನುಮಾನ ಪಡಿ. ಅಂಚನ್ನ ಮಡಚಿ ಹೊಲಿದು ಪೂರ್ತಿ ಮುಚ್ಚಿದ್ದರೆ ಯಾಕೆ ಮುಚ್ಚಿದ್ದಾರೆ ಅಂತ ಯೋಚಿಸಿ. ಇನ್ನೊಂದು ಮಾತು, ಮೇಲೆ ಒಳ್ಳೇ ಲೆದರ್ ಇದ್ದರೂ ಸೋಲ್ ಪಿಯು ಆಗಿದ್ದರೆ ಅದು ಅದೇ ರೋಗದಿಂದ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ. ನಮ್ಮ ಸೀನಿಯರ್ ಒಬ್ಬರು ಇಂಟರ್‌ವ್ಯೂಗೆ ಅಂತ ಎರಡು ವರ್ಷ ಜೋಪಾನವಾಗಿ ಬಾಕ್ಸ್‌ನಲ್ಲಿಟ್ಟಿದ್ದ ಶೂ ಹಾಕಿಕೊಂಡು ಹೊರಟು, ಸೆಮಿನಾರ್ ಹಾಲ್ ಮೆಟ್ಟಿಲಲ್ಲಿ ಹಿಮ್ಮಡಿ ಕಳಚಿ, ಕೊನೆಗೆ ಜೂನಿಯರ್ ಶೂ ಹಾಕಿಕೊಂಡು ಒಳಗೆ ಹೋದರು. ಜೋಪಾನ ಮಾಡಿದ್ದೇ ತಪ್ಪಾಯ್ತು ಅಂತಲ್ಲ. ಅದು ಇಟ್ಟರೂ ಕೆಡೋ ವಸ್ತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ರಬ್ಬರ್ ಸೋಲ್ ಆಗಿದ್ದರೆ ಹಾಗಾಗ್ತಿರಲಿಲ್ಲ.

ದುಡ್ಡಿನ ಲೆಕ್ಕದಲ್ಲಿ ನಾನು ಸುಳ್ಳು ಹೇಳಲ್ಲ. 899ರ ಶೂ ಒಂದೂ ಕಾಲು ವರ್ಷ ಬಂತು ಅಂದ್ರೂ ನಾಲ್ಕು ವರ್ಷಕ್ಕೆ ಮೂರು ಜೊತೆ, 2,697 ರೂಪಾಯಿ. ನಾನು ವಿಚಾರಿಸಿದ ಲೆದರ್ ಶೂ 2,600, ಒಂದು ಸಲ ಸೋಲ್ ಹಾಕಿಸೋಕೆ 450, ಪಾಲಿಷ್ ಸ್ಪಿರಿಟ್ ಎಲ್ಲಾ 200, ಒಟ್ಟು 3,250. ನಾಲ್ಕು ವರ್ಷದೊಳಗೆ ಲೆದರ್ ಅಗ್ಗ ಆಗಲ್ಲ. ಆದರೆ ಡಿಗ್ರಿ ಮುಗಿದ ದಿನ ಒಬ್ಬನ ಕಾಲಲ್ಲಿ ಇನ್ನೂ ಶೂ ಇರುತ್ತೆ, ಇನ್ನೊಬ್ಬ ನಾಲ್ಕನೇದಕ್ಕೆ ಡಿಸ್ಕೌಂಟ್ ಹುಡುಕ್ತಿರ್ತಾನೆ. ಒಟ್ಟಿಗೆ 2,600 ಕೊಡೋಕೆ ಎಲ್ಲರ ಮನೆಯಲ್ಲೂ ಆಗಲ್ಲ, ಅದೂ ನಿಜ. ಅದಕ್ಕೇ ಹೊಸದಕ್ಕಿಂತ ಮೊದಲು ನಿಮ್ಮ ಮನೆ ಅಟ್ಟ ಹುಡುಕಿ ಅಂತೀನಿ. ಬೂಷ್ಟು ಹಿಡಿದ ಒಂದು ಜೊತೆ ಅಲ್ಲಿರಬಹುದು.

ಚರ್ಮ ಬೇಡ ಅನ್ನೋ ಗೆಳೆಯರೂ ಇದ್ದಾರೆ. ಪ್ರಾಣಿಯ ಮೇಲಿನ ಕರುಣೆ ಇರ್ಲಿ, ಮನೆಯ ಪದ್ಧತಿ ಇರ್ಲಿ, ಅದಕ್ಕೆ ನನ್ನ ತಕರಾರಿಲ್ಲ. ಹದ ಮಾಡೋಕೆ ಬಳಸೋ ಕ್ರೋಮಿಯಂ ನೀರಿಗೆ ಸೇರೋ ಪ್ರಶ್ನೆಯೂ ಸಣ್ಣದಲ್ಲ. ಆದರೆ ವರ್ಷಕ್ಕೊಂದು ಜೊತೆ ಪ್ಲಾಸ್ಟಿಕ್ ಪೊರೆಯನ್ನ ಕಸಕ್ಕೆ ಹಾಕೋದು ಕರುಣೆಯ ಲೆಕ್ಕಕ್ಕೆ ಬರುತ್ತೆ ಅಂತ ನನಗನ್ನಿಸಲ್ಲ. ಅವರಿಗೆ ನನ್ನ ಸಲಹೆ ರಬ್ಬರ್ ಸೋಲಿನ ಕಪ್ಪು ಕ್ಯಾನ್ವಾಸ್. ತೊಳೀಬಹುದು, ಒಣಗುತ್ತೆ, ಸುಲಿಯೋಕೆ ಅದಕ್ಕೆ ಪೊರೆಯೇ ಇಲ್ಲ.

ಜಾಕೆಟ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಹಾಸನದಲ್ಲಿ ವಿದ್ಯಾರ್ಥಿಗೆ ಎರಡೂ ಬೇಡ. ಲೆದರ್ ಜಾಕೆಟ್ ಒಂದು ಸಲ ನೆನೆದರೆ ಶೂಗಿಂತ ಎಷ್ಟೋ ಪಟ್ಟು ನೀರು ಕುಡಿಯುತ್ತೆ, ಅದನ್ನ ವಾರ ಪೂರ್ತಿ ಹ್ಯಾಂಗರ್‌ಗೆ ಹಾಕಿ ಗಾಳಿಗೆ ಬಿಡೋ ಜಾಗ ಹಾಸ್ಟೆಲ್‌ನಲ್ಲಿ ಎಲ್ಲಿದೆ? ರೆಕ್ಸಿನ್ ಜಾಕೆಟ್ ಗತಿ ಅಕ್ಕನಿಗೆ ಆದದ್ದೇ. ಮಳೆಗೆ ರೇನ್‌ಕೋಟ್, ಚಳಿಗೆ ಸ್ವೆಟರ್. ಫೋಟೋ ಬೇಕಾದ್ರೆ ಯಾರದಾದ್ರೂ ಜಾಕೆಟ್ ಐದು ನಿಮಿಷ ಸಾಲ ತಗೊಳ್ಳಿ.

ಇಷ್ಟು ಬರೆಯೋ ಹೊತ್ತಿಗೆ ಹೊರಗೆ ಮತ್ತೆ ಮಳೆ ಶುರುವಾಗಿದೆ. ಅಪ್ಪನ ಶೂ ಒಳಗೆ ಹಳೇ ಇಂಟರ್ನಲ್ಸ್ ಪೇಪರ್ ತುರುಕಿ ಕಿಟಕಿ ಪಕ್ಕ ಇಟ್ಟಿದ್ದೀನಿ. ನಾಳೆ ಚಪ್ಪಲಿ, ನಾಡಿದ್ದೂ ಚಪ್ಪಲಿ. ಮೂರನೇ ದಿನ ಶೂ.